ಆರುನೂರ ಹನ್ನೆರಡನೆಯ ಸ್ವೀಕೃತಿ ಚೀಟಿ

ಆ ಶಾಲೆಯಲ್ಲಿ ಪರೀಕ್ಷೆ ಬರೆಯುವವರು ಮಕ್ಕಳು, ಬರೆಸುವವರು ಶಿಕ್ಷಕರು. ಆದರೆ ಪರೀಕ್ಷೆಯೆಂದರೆ ಎಷ್ಟು ಭಯಂಕರವಾದ ಸಂಗತಿಯೆಂದು ಪೋಷಕರಿಗೆ ಮನದಟ್ಟು ಮಾಡಿಸುವ ಹೊಣೆ ಕಚೇರಿಯ ಗುಮಾಸ್ತೆಯದು. ವರ್ಷಕ್ಕೊಮ್ಮೆ ಅವಳ ಕೈಯಿಂದ ಹೊರಡುವ ವಾರ್ಷಿಕ ಪರೀಕ್ಷೆಯ ಸೂಚನೆಯನ್ನು ಓದಿ ಮುಗಿಸಿದವರಿಗೆ ತಮ್ಮ ಮಗು ಗಣಿತ ಬರೆಯಲು ಹೋಗುತ್ತಿದೆಯೋ ಜೈಲಿಗೆ ಹೋಗುತ್ತಿದೆಯೋ ಎಂಬ ಅನುಮಾನ ಹುಟ್ಟುತ್ತಿತ್ತು. ಆದ್ದರಿಂದ ಹೆಚ್ಚಿನವರು ಓದಿ ಮುಗಿಸುತ್ತಿರಲಿಲ್ಲ.

ಶಿಕ್ಷಕರು ಅವಳನ್ನು ಬೆನ್ನ ಹಿಂದೆ ‘ಸೂಚನೆ ಮೇಡಂ’ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬಿರುದೆಂದೇ ಭಾವಿಸಿ ಅವಳು ಒಳಗೊಳಗೇ ಹಿಗ್ಗಿದ್ದಳು.

ಒಂಬತ್ತು ವರ್ಷಗಳ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಆ ಸೂಚನೆ ಅರ್ಧ ಪುಟದಷ್ಟಿತ್ತು. ವೇಳಾಪಟ್ಟಿಯ ಕೆಳಗೆ ಐದು ನಿಯಮಗಳು, ಕೊನೆಗೆ ‘ಮಕ್ಕಳಿಗೆ ಶುಭವಾಗಲಿ’ ಎಂಬ ಸಾಲು. ಈಗ ಅದು ಹಾಳೆಯ ಎರಡೂ ಬದಿ ತುಂಬಿತ್ತು. ನಿಯಮಗಳು ಇಪ್ಪತ್ತಮೂರಾಗಿದ್ದವು. ಶುಭ ಕೋರುವ ಸಾಲನ್ನು ಜಾಗ ಸಾಲದೆ ಅವಳು ತೆಗೆದುಹಾಕಿದ್ದಳು.

ಒಂದೊಂದು ನಿಯಮದ ಹಿಂದೆಯೂ ಒಬ್ಬ ಪೋಷಕ ಸೋತ ಕಥೆಯಿತ್ತು. ಬಸ್ಸು ತಡವಾಯಿತೆಂದು ಒಬ್ಬ ತಂದೆ ಒಳಗೆ ನುಗ್ಗಿದ ಮರುವರ್ಷವೇ ಏಳನೆಯ ನಿಯಮ ಹುಟ್ಟಿತು: ‘ವಾಹನದ ಅಡಚಣೆ ತಡವಾಗಿ ಬರಲು ಕಾರಣವೆಂದು ಪರಿಗಣಿಸಲಾಗದು.’ ಪರೀಕ್ಷೆ ಮುಗಿದ ಮಾರನೆಯ ದಿನ ವೈದ್ಯರ ಚೀಟಿ ತಂದ ತಾಯಿಯೊಬ್ಬಳ ನೆನಪಿಗೆ ಒಂಬತ್ತನೆಯದು: ‘ವೈದ್ಯಕೀಯ ಪ್ರಮಾಣಪತ್ರವು ಪರೀಕ್ಷೆ ಆರಂಭವಾಗುವ ಮುನ್ನವೇ ಕಚೇರಿಗೆ ತಲುಪಿರತಕ್ಕದ್ದು.’ ಪಾರದರ್ಶಕ ಕಂಪಾಸು ಚೀಲ, ಅಂಟುಚೀಟಿ ಕಿತ್ತ ನೀರಿನ ಬಾಟಲಿ, ಮುಳ್ಳಿನ ಸಾದಾ ಕೈಗಡಿಯಾರ, ಪ್ರವೇಶ ಪತ್ರದ ಮೇಲೆ ಗೆರೆಯನ್ನೂ ಎಳೆಯಕೂಡದು, ಮೊದಲ ಒಂದು ಗಂಟೆ ಕೊಠಡಿಯಿಂದ ಹೊರಗೆ ಕಾಲಿಡಕೂಡದು. ಹದಿನಾರನೆಯ ನಿಯಮವಂತೂ ಅವಳ ಕಣ್ಮಣಿ: ‘ಸಿಬ್ಬಂದಿಯ ಮಕ್ಕಳಿಗೂ ಯಾವುದೇ ವಿನಾಯಿತಿ ಇರುವುದಿಲ್ಲ.’ ಆಟದ ಮೇಷ್ಟ್ರು ತಮ್ಮ ಮಗನನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಂಡ ವರ್ಷ ಅವರ ಮುಖಕ್ಕೆ ಹೊಡೆದ ಹಾಗೆ ಬರೆದದ್ದು.

ಈ ಕೋಟೆಗೆಲ್ಲ ಬೀಗವೆಂದರೆ ಹಾಳೆಯ ತುದಿಯಲ್ಲಿದ್ದ ಸ್ವೀಕೃತಿ ಚೀಟಿ. ‘ಮೇಲ್ಕಂಡ ಸೂಚನೆಯನ್ನು ಪೂರ್ಣವಾಗಿ ಓದಿ ಅರ್ಥ ಮಾಡಿಕೊಂಡಿದ್ದೇನೆ’ ಎಂಬುದರ ಕೆಳಗೆ ಪೋಷಕರು ಸಹಿ ಹಾಕಿ, ಚುಕ್ಕೆ ಗೆರೆಯಲ್ಲಿ ಹರಿದು ಮಕ್ಕಳ ಕೈಯಲ್ಲಿ ವಾಪಸು ಕಳುಹಿಸಬೇಕು. ತಕರಾರು ತೆಗೆದವರ ಮುಂದೆ ಅವಳು ಆ ಚೀಟಿಯನ್ನು ಎತ್ತಿ ಹಿಡಿದರೆ ಎಂಥ ಗಟ್ಟಿಗನ ಬಾಯಿಗೂ ಬೀಗ ಬೀಳುತ್ತಿತ್ತು. ಆ ಗಳಿಗೆಗಾಗಿಯೇ ಅವಳು ವರ್ಷವಿಡೀ ಕಾಯುತ್ತಿದ್ದಳೆಂದರೂ ತಪ್ಪಾಗದು.

ಈ ವರ್ಷ ಎಡವಟ್ಟಾದದ್ದು ಬಿಸಿಲಿನಿಂದ. ಪರೀಕ್ಷೆ ಸೋಮವಾರ ಆರಂಭವಾಗಬೇಕಿತ್ತು. ಸೂಚನೆ ಹದಿನೈದು ದಿನ ಮೊದಲೇ ಮನೆ ಮನೆ ತಲುಪಿತ್ತು. ಒಂಬತ್ತೂಕಾಲಿಗೆ ಹಾಜರಾತಿ, ಒಂಬತ್ತೂವರೆಗೆ ಗೇಟು ಬಂದ್, ಒಂಬತ್ತೂ ಮುಕ್ಕಾಲಿಗೆ ಪ್ರಶ್ನೆಪತ್ರಿಕೆ, ಹತ್ತರಿಂದ ಒಂದರವರೆಗೆ ಬರೆಯುವುದು. ಗುರುವಾರ ಸಂಜೆ ಆಡಳಿತ ಮಂಡಳಿಗೆ ಇದ್ದಕ್ಕಿದ್ದಂತೆ ಮಕ್ಕಳ ಮೇಲೆ ಕರುಣೆ ಉಕ್ಕಿತು. ಮಧ್ಯಾಹ್ನದ ಉರಿಯಲ್ಲಿ ಮಕ್ಕಳು ಮನೆಗೆ ಹೋಗಬಾರದು, ಎಲ್ಲವನ್ನೂ ಮುಕ್ಕಾಲು ಗಂಟೆ ಮುಂಚಿತವಾಗಿ ಮಾಡಿ ಎಂಬ ಅಪ್ಪಣೆ ಬಂತು. ಶುಕ್ರವಾರ ಬೆಳಗ್ಗೆ ಅವಳು ಪರಿಷ್ಕೃತ ಸೂಚನೆ ಹೊರಡಿಸಿದಳು. ಹಾಜರಾತಿ ಎಂಟೂವರೆ. ಗೇಟು ಬಂದ್ ಎಂಟೂ ಮುಕ್ಕಾಲು. ಇಪ್ಪತ್ತಮೂರು ನಿಯಮಗಳೂ ಯಥಾಪ್ರಕಾರ. ಪೋಷಕರ ವಾಟ್ಸಾಪ್ ಗುಂಪಿಗೂ ಅದನ್ನು ಹಾಕಿದ್ದಾಯಿತು.

ಶನಿವಾರ ಹನ್ನೊಂದರೊಳಗೆ ಪರಿಷ್ಕೃತ ಸೂಚನೆಯ ಆರುನೂರ ಹನ್ನೆರಡು ಚೀಟಿಗಳೂ ವಾಪಸಾಗಬೇಕು, ಮಧ್ಯಾಹ್ನ ಮಂಡಳಿಗೆ ವರದಿ ಹೋಗಬೇಕು ಎಂದು ಮುಖ್ಯೋಪಾಧ್ಯಾಯಿನಿ ಕಟ್ಟಪ್ಪಣೆ ಮಾಡಿದ್ದರು. ಹತ್ತೂವರೆಗೆ ಆರುನೂರ ಒಂಬತ್ತು ಬಂದಿದ್ದವು. ಎರಡು ದಿನವೂ ರಜೆ ಹಾಕಿದ್ದ ಮೂರು ಮಕ್ಕಳದು ಬಾಕಿ. ಅವರಲ್ಲಿ ಇಬ್ಬರ ಮನೆಗೆ ಗುಮಾಸ್ತೆ ಫೋನು ಮಾಡಿ, “ಕೂಡಲೇ ಬಂದು ಸಹಿ ಹಾಕಿ, ಇಲ್ಲಾಂದ್ರೆ ಪ್ರವೇಶ ಪತ್ರ ಕೊಡಲ್ಲ” ಎಂದು ಗದರಿಸಿ ಕರೆಸಿಕೊಂಡಳು. ಮೂರನೆಯದು ಎಂಟನೆಯ ತರಗತಿ ‘ಬಿ’ ವಿಭಾಗದ ಹದಿನೇಳನೆಯ ಸಂಖ್ಯೆ.

ಹದಿನೇಳನೆಯ ಸಂಖ್ಯೆ ಅವಳ ಮಗಳು. ಗುರುವಾರ ರಾತ್ರಿಯಿಂದ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು.

‘ಪೋಷಕಿ ನಾನೇ. ಓದಿದವಳೂ ನಾನೇ. ಇದನ್ನು ನನ್ನಷ್ಟು ಅರ್ಥ ಮಾಡಿಕೊಂಡವರು ಈ ಭೂಮಿಯ ಮೇಲೆ ಇನ್ನಾರಿದ್ದಾರೆ?’ ಎಂದುಕೊಂಡು ಅವಳು ಚೀಟಿಗೆ ಸಹಿ ಹಾಕಿ, ಹರಿದು, ಕಡತಕ್ಕೆ ಸೇರಿಸಿದಳು. ಮನೆಗೆ ಒಯ್ಯಬೇಕಿದ್ದ ಹಾಳೆಯನ್ನು ಕಚೇರಿಯ ಪ್ರತಿಯೆಂದು ಅದೇ ಕಡತದಲ್ಲಿಟ್ಟಳು. ಜೆರಾಕ್ಸ್ ಯಂತ್ರದ ಶಾಯಿ ಮುಗಿದು ಒಂದು ಪ್ರತಿ ಕಡಿಮೆ ಬಿದ್ದಿತ್ತು. ನೂರಕ್ಕೆ ನೂರು ಸ್ವೀಕೃತಿ ಎಂಬ ವರದಿ ಮಂಡಳಿಗೆ ಹೋಯಿತು. ಮುಖ್ಯೋಪಾಧ್ಯಾಯಿನಿ ನಕ್ಕರು. ಅವರು ನಗುವುದು ವರ್ಷಕ್ಕೆ ಎರಡೇ ಸಲ.

ಭಾನುವಾರವಿಡೀ ಗುಮಾಸ್ತೆ ಶಾಲೆಯಲ್ಲಿ ಬೆಂಚುಗಳಿಗೆ ಕ್ರಮಸಂಖ್ಯೆ ಅಂಟಿಸುತ್ತಿದ್ದಳು. ಸಂಜೆ ಮನೆಗೆ ಬಂದವಳು ಮಗಳ ಹಣೆ ಮುಟ್ಟಿ ನೋಡಿದಳು. ಜ್ವರ ಬಿಟ್ಟಿತ್ತು.

“ನಾಳೆ ಟೈಮಿಗೆ ಸರಿಯಾಗಿ ಬಂದ್ಬಿಡಬೇಕು, ಗೊತ್ತಾಯ್ತಾ? ನನ್ನ ಮಗಳೇ ಲೇಟು ಅಂದ್ರೆ ಆ ಆಟದ ಮೇಷ್ಟ್ರು ಊರೆಲ್ಲ ಡಂಗುರ ಸಾರ್ತಾರೆ.”

“ಯಾರಿಗೆ ಹೇಳ್ತಿದೀಯ?” ಎಂದ ಗಂಡ. ಅವನು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಹತ್ತು ನಿಮಿಷವೆಂದರೆ ಹತ್ತೇ ನಿಮಿಷ. “ಹಾಜರಾತಿಗೆ ಇಪ್ಪತ್ತು ನಿಮಿಷ ಮುಂಚೆ ಗೇಟ್ ಮುಂದೆ ಇರ್ತೀವಿ. ನೀನು ನಿಶ್ಚಿಂತೆಯಾಗಿ ಹೋಗು.”

ಗಂಡನ ಶಿಸ್ತಿಗೆ ಅವಳ ಎದೆ ಉಬ್ಬಿತು. ಗಂಟೆ ಎಷ್ಟೆಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ತಾನು ಟೈಪು ಮಾಡಿದ್ದು ಲೋಕಕ್ಕೆಲ್ಲ ತಿಳಿದಿರುತ್ತದೆಂದು ಅವಳು ನಂಬಿದ್ದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಎಲ್ಲವೂ ಇದೆಯೆಂದು ಅವರು ನಂಬಿದ್ದರು.

ಸೋಮವಾರ ಬೆಳಗ್ಗೆ ಆರೂ ಮುಕ್ಕಾಲಿಗೇ ಅವಳು ಮನೆ ಬಿಟ್ಟಳು. ಎಂಟೂವರೆಯ ಹೊತ್ತಿಗೆ ಅಂಗಳದಲ್ಲಿ ಸಾಲುಗಳು ನಿಂತವು. ತನ್ನ ಮಗಳು ಯಾವ ಸಾಲಿನಲ್ಲಿದ್ದಾಳೆಂದು ಅವಳು ಹುಡುಕಲಿಲ್ಲ. ಹುಡುಕಿದರೆ ಹದಿನಾರನೆಯ ನಿಯಮಕ್ಕೆ ಅವಮಾನ. ಎಂಟೂ ಮುಕ್ಕಾಲಿಗೆ ಕಾವಲುಗಾರ ಗೇಟಿನ ಅಗುಳಿ ಎಳೆದ. ಅವಳು ಕಡತ ಹಿಡಿದು ಒಳಬದಿಯ ಕುರ್ಚಿಯಲ್ಲಿ ಕುಳಿತಳು. ಇನ್ನು ಬರುವವರು ಅವಳ ಪಾಲಿನವರು.

ಮೂರು ನಿಮಿಷ ಕಳೆಯಿತು. ಒಬ್ಬ ಬಸ್ಸು ಡ್ರೈವರು ಖಾಕಿ ಅಂಗಿಯಲ್ಲೇ, ಏಳನೆಯ ತರಗತಿಯ ಮಗನ ಕೈ ಹಿಡಿದು ಓಡುತ್ತ ಬಂದ.

“ಮೇಡಂ, ಮೇಡಂ! ಡ್ಯೂಟಿ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದೆ. ಮೂರೇ ನಿಮಿಷ. ಬಿಟ್ಬಿಡಿ.”

“ಏಳನೇ ನಿಯಮ ಓದಿದೀರಾ?”

“ಏಳನೇದು ಯಾವುದು?”

“ವಾಹನದ ಅಡಚಣೆ ಕಾರಣ ಅಲ್ಲ.”

“ವಾಹನಕ್ಕೆ ಏನೂ ಆಗಿಲ್ಲ ಮೇಡಂ, ವಾಹನ ಓಡಿಸೋನಿಗೆ ಆಗಿದ್ದು.”

ಕಾವಲುಗಾರ ಫಕ್ಕನೆ ನಕ್ಕ. ಅವಳು ಕಣ್ಣಲ್ಲೇ ಅವನ ನಗುವನ್ನು ಅಡಗಿಸಿ, ಕಡತ ಬಿಡಿಸಿ, ಚೀಟಿಯನ್ನು ಗೇಟಿನ ಸರಳುಗಳ ನಡುವೆ ಎತ್ತಿ ಹಿಡಿದಳು. “ಈ ಸಹಿ ಯಾರದು?”

“ನಂದೇ.”

“ಪೂರ್ಣವಾಗಿ ಓದಿ ಅರ್ಥ ಮಾಡಿಕೊಂಡಿದ್ದೇನೆ ಅಂತ ಇದೆ. ಓದಿದ್ರಾ?”

“ಇಲ್ಲ. ಎರಡು ಕಡೆ ಇತ್ತಲ್ಲ, ಯಾರು ಓದ್ತಾರೆ?” ಅವನು ಮುಚ್ಚುಮರೆಯಿಲ್ಲದೆ ಹೇಳಿದ. “ಹುಡುಗ ಟೈಮ್ ಹೇಳಿದ, ಸೈನ್ ಹಾಕಿದೆ.”

“ಹಾಗಾದ್ರೆ ಅಲ್ಲೇ ನಿಂತ್ಕೊಳ್ಳಿ.” ಅವಳು ಚೀಟಿಯನ್ನು ಮಡಚಿದಳು. “ಇವತ್ತಿನ ಗಣಿತಕ್ಕೆ ಗೈರುಹಾಜರಿ. ರಜೆ ಮುಗಿದ ಮೇಲೆ ಮರುಪರೀಕ್ಷೆ. ಅಲ್ಲೀವರೆಗೂ ಫಲಿತಾಂಶ ತಡೆಹಿಡಿಯಲಾಗುತ್ತೆ. ಇಪ್ಪತ್ತೊಂದನೇ ನಿಯಮ.”

ಹುಡುಗ ಅಳಲು ಶುರುಮಾಡಿದ. ಅವನ ಬೆನ್ನಿಗೇ ಒಬ್ಬ ಅಜ್ಜಿ, ಐದನೆಯ ತರಗತಿಯ ಮೊಮ್ಮಗಳೊಂದಿಗೆ ಏದುಸಿರು ಬಿಡುತ್ತ ಬಂದಳು. ಆ ಚೀಟಿಯೂ ಹೊರಬಂತು. ಅಜ್ಜಿಯ ಹೆಸರಿನ ಸಹಿ ಎಷ್ಟು ಮುದ್ದಾಗಿತ್ತೆಂದರೆ, ಒಂದೊಂದು ಅಕ್ಷರವೂ ಎರಡು ಗೆರೆಗಳ ನಡುವೆ ಕಾಪಿ ಬರೆದಂತೆ ಕುಳಿತಿತ್ತು.

“ಇದು ನಿಮ್ಮ ಸಹಿನಾ ಅಜ್ಜಿ?”

“ನಂಗೆಲ್ಲಿ ಬರೆಯೋಕೆ ಬರುತ್ತೆ ತಾಯಿ? ಈ ಕೂಸೇ ಬರೀತು. ಎಷ್ಟು ಚೆನ್ನಾಗಿ ಬರೆದಿದಾಳೆ ನೋಡು!” ಎಂದು ಅಜ್ಜಿ ಮೊಮ್ಮಗಳ ತಲೆ ಸವರಿದಳು.

“ಚೆನ್ನಾಗಿರೋದು ಬೇರೆ, ನಿಯಮ ಬೇರೆ,” ಎಂದಳು ಗುಮಾಸ್ತೆ. ಹೊಟ್ಟೆಯೊಳಗೆ ಅವಳಿಗೆ ತಂಪೆನಿಸುತ್ತಿತ್ತು. ಒಂಬತ್ತು ವರ್ಷಗಳ ದುಡಿಮೆ. ಎಲ್ಲೂ ಒಂದು ಬಿರುಕಿಲ್ಲ.

ಎಂಟು ಐವತ್ತೆರಡಕ್ಕೆ ಒಂದು ಸ್ಕೂಟರು ಗೇಟಿನ ಮುಂದೆ ನಿಧಾನವಾಗಿ ಬಂದು ನಿಂತಿತು. ಅವಸರವೇ ಇಲ್ಲದ ಒಬ್ಬ ಗಂಡಸು ಇಳಿದು, ಸ್ಕೂಟರಿಗೆ ಸ್ಟ್ಯಾಂಡು ಹಾಕಿ, ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ, ಕೈಗಡಿಯಾರ ನೋಡಿ ತೃಪ್ತಿಯಿಂದ ನಕ್ಕ. ಹಿಂದಿನ ಸೀಟಿನಿಂದ ಎರಡು ಜಡೆಯ ಹುಡುಗಿ ಇಳಿದಳು. ಪಾರದರ್ಶಕ ಚೀಲ, ಅಂಟುಚೀಟಿ ಕಿತ್ತ ಬಾಟಲಿ, ಮುಳ್ಳಿನ ಗಡಿಯಾರ. ಒಂದು ನಿಯಮವನ್ನೂ ಮೀರಿರಲಿಲ್ಲ.

ಗುಮಾಸ್ತೆ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಉರುಳಿತು.

“ನೋಡ್ದಾ!” ಎಂದ ಗಂಡ. “ಹೇಳಿದ ಹಾಗೆ ಇಪ್ಪತ್ತು ನಿಮಿಷ ಮುಂಚೆ. ಇಪ್ಪತ್ತಮೂರು, ಲೆಕ್ಕ ಹಾಕಿದ್ರೆ. ಗೇಟ್ ಯಾಕೆ ಹಾಕಿದೀರಾ?”

“ಮುಂಚೆ ಎಲ್ರೀ!” ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಎಂಟೂವರೆಗೆ ಹಾಜರಾತಿ! ಪರಿಷ್ಕೃತ ಸೂಚನೆ...”

“ಯಾವ ಪರಿಷ್ಕೃತ? ಫ್ರಿಜ್ ಮೇಲೆ ಇರೋದು ಒಂಬತ್ತೂಕಾಲು.”

“ಶುಕ್ರವಾರ ಬದಲಾಯ್ತಲ್ರೀ! ಗುಂಪಲ್ಲೂ ಹಾಕಿದ್ದೆ.”

“ಗುಂಪಿಂದ ನಾನು ಹೊರಗೆ ಬಂದು ಆರು ತಿಂಗಳಾಯ್ತು. ಬರೆಯೋಳು ನನ್ನ ಮನೇಲೇ ಇರೋವಾಗ ಫೋನಲ್ಲಿ ಯಾಕೆ ಓದ್ಬೇಕು?”

“ಅಮ್ಮಾ,” ಎಂದಳು ಮಗಳು. ಮುಖ ಬಿಳುಚಿತ್ತು. “ನಂಗೆ ಶುಕ್ರವಾರ ಜ್ವರ ಇತ್ತಲ್ಲ. ನೀನು ನನ್ನ ಫೋನೂ ಎತ್ತಿಟ್ಟಿದ್ದೆ, ಓದ್ಲಿ ಅಂತ. ಯಾರು ಹೇಳ್ತಾರೆ ನಂಗೆ?”

ಬಸ್ಸು ಡ್ರೈವರು ಒಂದು ಹೆಜ್ಜೆ ಮುಂದೆ ಬಂದ. ಅವನ ಮುಖದಲ್ಲಿ ಈಗ ಸಿಟ್ಟಿರಲಿಲ್ಲ, ಕುತೂಹಲವಿತ್ತು.

“ಇವಳು ನಿಮ್ಮ ಮಗಳಾ ಮೇಡಂ? ಹಾಗಾದ್ರೆ ಇವಳ ಚೀಟೀನೂ ತೆಗೀರಿ. ನಾವೂ ನೋಡೋಣ.”

ಕಡತ ಅವಳ ಕೈಯಲ್ಲೇ ಇತ್ತು. ಎಂಟು ‘ಬಿ’, ಹದಿನೇಳು. ತೆಗೆಯದೆ ಗತಿಯಿರಲಿಲ್ಲ, ಕಾವಲುಗಾರನೂ ಕತ್ತು ಚಾಚಿದ್ದ. ಡ್ರೈವರು ಸರಳುಗಳ ನಡುವಿನಿಂದ ನಿಧಾನವಾಗಿ, ಸ್ಪಷ್ಟವಾಗಿ ಓದಿದ: “ಪೂರ್ಣವಾಗಿ ಓದಿ ಅರ್ಥ ಮಾಡಿಕೊಂಡಿದ್ದೇನೆ. ಸಹಿ ಯಾರದು ಮೇಡಂ?”

ಅವಳು ಹೆಬ್ಬೆರಳಿನಿಂದ ಸಹಿಯನ್ನು ಮುಚ್ಚಲು ಹೋದಳು.

“ನಿನ್ನ ಸೈನು,” ಎಂದ ಗಂಡ. ಇಪ್ಪತ್ತಮೂರು ನಿಮಿಷ ಮುಂಚೆ ಬಂದವನ ನಗು ಅಷ್ಟು ಹೊತ್ತಿಗೆ ಪೂರ್ತಿ ಮಾಸಿತ್ತು. “ನೀನು ಸೈನ್ ಹಾಕಿ ನಮಗೆ ಹೇಳಲೇ ಇಲ್ವಾ?”

“ನೀನೂ ನಮ್ಮ ಸಾಲಿಗೇ ಬಂದ್ಯಲ್ಲ ತಾಯಿ,” ಎಂದಳು ಅಜ್ಜಿ, ಕನಿಕರದಿಂದಲೇ. ಆ ಕನಿಕರ ಡ್ರೈವರನ ಮಾತಿಗಿಂತ ಹೆಚ್ಚು ಚುಚ್ಚಿತು.

ಎಂಟು ಐವತ್ತನಾಲ್ಕು. ಒಂಬತ್ತಕ್ಕೆ ಪ್ರಶ್ನೆಪತ್ರಿಕೆಯ ಲಕೋಟೆಯನ್ನು ಕೊಠಡಿಗಳಲ್ಲಿ ಬಿಚ್ಚಲಿದ್ದರು. ಅದಾದ ಮೇಲೆ ಬ್ರಹ್ಮ ಬಂದರೂ ಒಳಗೆ ಬಿಡುವಂತಿರಲಿಲ್ಲ. ಮಗಳು ಗಣಿತದಲ್ಲಿ ತರಗತಿಗೇ ಎರಡನೆಯವಳು. ಜ್ವರದಲ್ಲೂ ದಿಂಬಿಗೊರಗಿ ಲೆಕ್ಕ ಮಾಡಿದ್ದಳು. ಈಗ ಅವಳ ಹೆಸರಿನ ಮುಂದೆ ‘ಗೈರುಹಾಜರಿ’ ಎಂದು ಬರೆಯಬೇಕಾದವಳು ಅವಳ ಹೆತ್ತ ತಾಯಿ.

ಗುಮಾಸ್ತೆ ಕಡತದಲ್ಲಿದ್ದ ಕಚೇರಿ ಪ್ರತಿಯನ್ನು ಹೊರಗೆಳೆದು ಓದತೊಡಗಿದಳು. ಎಲ್ಲೋ ಒಂದು ಕಂಡಿ ಇರಲೇಬೇಕು. ಏಳನೆಯದು? ಮುಚ್ಚಿದೆ. ಎಂಟು: ‘ಗಡಿಯಾರದ ವ್ಯತ್ಯಾಸ ಒಪ್ಪಲಾಗದು.’ ಮುಚ್ಚಿದೆ. ಒಂಬತ್ತು: ಜ್ವರದ ಚೀಟಿ ಶುಕ್ರವಾರವೇ ಕೊಡಬಹುದಿತ್ತು, ವೈದ್ಯರ ಬಳಿಗೇ ಹೋಗಿರಲಿಲ್ಲ, ಮನೆಯಲ್ಲಿದ್ದ ಮಾತ್ರೆ ಸಾಕಾಗಿತ್ತು. ಹತ್ತು: ‘ಸೂಚನೆ ಬದಲಾದುದು ತಿಳಿಯಲಿಲ್ಲವೆಂಬ ವಾದಕ್ಕೆ ಅವಕಾಶವಿಲ್ಲ, ಸ್ವೀಕೃತಿ ಚೀಟಿಯೇ ಅಂತಿಮ.’ ಅದನ್ನು ಬರೆದ ದಿನ ಅವಳು ಖುಷಿಯಿಂದ ಎರಡು ಲೋಟ ಚಹಾ ಕುಡಿದಿದ್ದಳು. ಹಿಂಬದಿ ತಿರುವಿದಳು. ಹದಿನಾರು ಕಣ್ಣಿಗೆ ರಾಚಿತು. ಹಾಳೆಯ ತುಂಬ ಅವಳೇ ಕಟ್ಟಿದ ಗೋಡೆ. ಒಂದು ಇಲಿ ನುಸುಳುವಷ್ಟೂ ಜಾಗವಿಲ್ಲ.

“ಏನು ಗಲಾಟೆ ಇಲ್ಲಿ?”

ಮುಖ್ಯೋಪಾಧ್ಯಾಯಿನಿ ಬಂದಿದ್ದರು. ಗೇಟಿನಾಚೆ ನಿಂತವರ ಮೇಲೆ ಒಮ್ಮೆ ಕಣ್ಣಾಡಿಸಿ, ಎರಡು ಜಡೆಯ ಹುಡುಗಿಯನ್ನು ಕಂಡು, ವಿಷಯವೆಲ್ಲವನ್ನೂ ಗ್ರಹಿಸಿದರು. ಗುಮಾಸ್ತೆಯನ್ನು ಎರಡು ಹೆಜ್ಜೆ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ಹಿಂದಿನ ಬಾಗಿಲು ತೆರೆದಿದೆ. ನಿಮ್ಮ ಯಜಮಾನರಿಗೆ ಹೇಳಿ, ಸ್ಕೂಟರಲ್ಲಿ ಸುತ್ತು ಹಾಕ್ಕೊಂಡು ಬರ್ಲಿ. ಎರಡು ನಿಮಿಷ. ಯಾರಿಗೂ ಗೊತ್ತಾಗಲ್ಲ.”

ಆ ಕ್ಷಣ ಗುಮಾಸ್ತೆಗೆ ಮುಖ್ಯೋಪಾಧ್ಯಾಯಿನಿಯ ಕಾಲಿಗೆ ಬೀಳಬೇಕೆನಿಸಿತು. ಅವಳು ಗಂಡನತ್ತ ತಿರುಗಿ ಬಾಯಿ ತೆರೆದಳು.

ಬಸ್ಸು ಡ್ರೈವರನ ಮಗ ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಪಿಸುಮಾತು ಅವನಿಗೆ ಕೇಳಿಸಿರಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ದೊಡ್ಡವರು ಪಕ್ಕಕ್ಕೆ ಹೋಗಿ ಮಾತಾಡಿದರೆ ಆಮೇಲೆ ಏನಾಗುತ್ತದೆಂದು ಆ ವಯಸ್ಸಿನ ಮಕ್ಕಳಿಗೆ ಚೆನ್ನಾಗಿ ಗೊತ್ತು.

“ಹೋಗಿ ಮೇಡಂ, ಕರ್ಕೊಂಡು ಹೋಗಿ,” ಎಂದ ಡ್ರೈವರು ತಣ್ಣಗೆ. “ನಾನೇನೂ ಕೂಗಾಡಲ್ಲ. ನಿಮ್ಮ ಜಾಗದಲ್ಲಿದ್ದಿದ್ರೆ ನಾನೂ ಕರ್ಕೊಂಡು ಹೋಗ್ತಿದ್ದೆ. ಆದ್ರೆ ನಾಳೆಯಿಂದ ಆ ಚೀಟೀನ ಯಾರ ಮುಂದೇನೂ ಎತ್ತಿ ಹಿಡೀಬೇಡಿ, ಅಷ್ಟೇ.”

ಎಂಟು ಐವತ್ತಾರು.

“ಮೇಡಂ,” ಎಂದಳು ಗುಮಾಸ್ತೆ ಮುಖ್ಯೋಪಾಧ್ಯಾಯಿನಿಗೆ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ಸೂಚನೆ ಬರೆದೋಳು ನಾನು. ಸಹಿ ಹಾಕಿದೋಳು ನಾನು. ಆದ್ರೂ ಅದು ನಮ್ಮ ಮನೆ ಮುಟ್ಟಿಲ್ಲ. ಇನ್ನು ಇವರ ಮನೆ ಮುಟ್ಟಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಅಜ್ಜಿ ಚೀಟಿಗೆ ಮೊಮ್ಮಗಳು ಸಹಿ ಹಾಕಿದಾಳೆ. ಇವರು ಓದದೇ ಹಾಕಿದಾರೆ.”

“ಅಲ್ಲ, ಟೈಮ್ ನಂಗೆ ಗೊತ್ತಿತ್ತು ಮೇಡಂ,” ಎಂದ ಡ್ರೈವರು. “ಸುಳ್ಳು ಯಾಕೆ ಹೇಳ್ಲಿ? ಎಂಟೂವರೆ ಅಂತ ಗೊತ್ತಿತ್ತು. ಬರೋಕಾಗ್ಲಿಲ್ಲ.”

“ರೀ, ನೀವು ಸುಮ್ನಿರ್ರೀ ಸ್ವಲ್ಪ!” ಎಂದು ಗುಮಾಸ್ತೆ ಹಲ್ಲು ಕಚ್ಚಿದಳು. ಆ ಮನುಷ್ಯನ ಪ್ರಾಮಾಣಿಕತೆಗಾಗಿ ಒಂದು ನಿಯಮವನ್ನೂ ಅವಳು ಬರೆದಿರಲಿಲ್ಲ; ಅಂಥವರು ಬರುತ್ತಾರೆಂಬ ನಿರೀಕ್ಷೆಯೇ ಇರಲಿಲ್ಲ.

“ನೋಡಿ, ಅವರೇ ಒಪ್ಕೊಂಡ್ರು,” ಎಂದರು ಮುಖ್ಯೋಪಾಧ್ಯಾಯಿನಿ. “ನೂರಕ್ಕೆ ನೂರು ಅಂತ ಮಂಡಳಿಗೆ ಬರೆದುಕೊಟ್ಟಿದೀವಿ. ಗೇಟ್ ತೆಗೆದ್ರೆ ಆ ವರದಿಗೆ ಏನರ್ಥ? ನಿಮ್ಮ ಮಗಳನ್ನ ನಾನು ಹೇಳಿದ ಹಾಗೆ...”

“ಹದಿನಾರನೇ ನಿಯಮ ಇದೆ ಮೇಡಂ.”

“ಅದು ನೀವೇ ಬರೆದಿದ್ದು!”

“ಅದಕ್ಕೇ ಹೇಳ್ತಿರೋದು.” ಅವಳು ಕಾವಲುಗಾರನತ್ತ ತಿರುಗಿದಳು. “ಅಣ್ಣಾ, ಗೇಟ್ ತೆಗಿ. ಮೂರು ಮಕ್ಕಳನ್ನೂ ಬಿಡು.”

ಕಾವಲುಗಾರ ಅಗುಳಿಯ ಮೇಲೆ ಕೈಯಿಟ್ಟು ಮುಖ್ಯೋಪಾಧ್ಯಾಯಿನಿಯ ಮುಖ ನೋಡಿದ. “ಯಾರ ಆರ್ಡರು ಅಂತ ಬರ್ಕೊಳ್ಲಿ ಪುಸ್ತಕದಲ್ಲಿ?”

“ನನ್ನ ಹೆಸರು ಬರ್ಕೊ. ಮೂರು ಸಲ ಬೇಕಾದ್ರೆ ಬರ್ಕೊ. ಈಗ ತೆಗಿ!”

ಮುಖ್ಯೋಪಾಧ್ಯಾಯಿನಿ ತೆಗೆಯಬೇಡವೆನ್ನಲಿಲ್ಲ. ತೆಗೆ ಎಂದೂ ಅನ್ನಲಿಲ್ಲ. ಅವರು ಆ ಹುದ್ದೆಗೆ ಏರಿದ್ದೇ ಇಂಥ ಮೌನಗಳ ಮೆಟ್ಟಿಲ ಮೇಲೆ. ಅಗುಳಿ ಸರಿಯಿತು. ಮೂವರೂ ಓಡಿದರು, ಎಂಟನೆಯ ತರಗತಿಯವಳು ಐದನೆಯ ತರಗತಿಯವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಡ್ರೈವರನ ಮಗ ಕೊಠಡಿಯ ಹೊಸ್ತಿಲು ದಾಟುತ್ತಿದ್ದಂತೆ ಒಂಬತ್ತರ ಗಂಟೆ ಹೊಡೆಯಿತು.

ಗಂಡ ಹೆಲ್ಮೆಟ್ಟು ತೊಟ್ಟ. “ಫ್ರಿಜ್ ಮೇಲಿರೋ ಹಾಳೆ ಕಿತ್ತು ಹಾಕ್ತೀನಿ,” ಎಂದ. “ಇನ್ನು ಮೇಲೆ ಮನೇಲಿ ಬಾಯಿಬಿಟ್ಟು ಹೇಳು.”

ಅಂದು ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿ ಅವಳಿಂದ ಲಿಖಿತ ಹೇಳಿಕೆ ಪಡೆದರು. ‘ಚೀಟಿಯಲ್ಲಿ ಸಹಿ ಇದ್ದರೂ ಸೂಚನೆ ಮನೆಗೆ ತಲುಪಿರಲಿಲ್ಲ’ ಎಂದು ಅವಳು ಬರೆದುಕೊಟ್ಟಳು. ಆಮೇಲೆ, ಮಂಡಳಿಯವರು ಕೇಳಿದರೆ ಉತ್ತರ ಬೇಕಲ್ಲ ಎಂದು ಮುಖ್ಯೋಪಾಧ್ಯಾಯಿನಿ ತಾವೇ ಒಂದು ಆದೇಶ ಹೊರಡಿಸಿದರು. ಸಹಿ ಹಾಕಿದವರೆಲ್ಲ ಓದಿದವರೇ; ಆದ್ದರಿಂದ ಇನ್ನು ಮುಂದೆ ಯಾವ ಪೋಷಕರು ತಡವಾಗಿ ಬಂದು ಚೀಟಿಯಲ್ಲಿರುವ ಸಹಿ ತಮ್ಮದಲ್ಲವೆಂದು ಗೇಟಿನಲ್ಲಿ ಬರೆದುಕೊಡುತ್ತಾರೋ ಅಂಥವರ ಮಕ್ಕಳನ್ನು ಒಂಬತ್ತರವರೆಗೆ ಒಳಗೆ ಬಿಡಬಹುದು. ಬರೆಸಿಕೊಳ್ಳುವ ಹೊಣೆ ಗುಮಾಸ್ತೆಯದೇ. ಸುದ್ದಿ ಸಂಜೆಯೊಳಗೆ ವಾಟ್ಸಾಪ್ ಗುಂಪನ್ನೆಲ್ಲ ಸುತ್ತಿತು. ಪರಿಷ್ಕೃತ ಸೂಚನೆಯನ್ನು ಓದದವರೆಲ್ಲ ಇದನ್ನು ಎರಡೆರಡು ಸಲ ಓದಿದರು.

ಮಂಗಳವಾರ ಅವಳ ಮಗಳು ಎಂಟು ಗಂಟೆಗೇ ಬಂದು ಸಾಲಿನಲ್ಲಿ ನಿಂತಿದ್ದಳು. ಬಸ್ಸು ಡ್ರೈವರು ಪಾಳಿ ಬದಲಿಸಿಕೊಂಡು ಎಂಟೂಕಾಲಿಗೆ ಮಗನನ್ನು ಬಿಟ್ಟು ಹೋದ. ಎಂಟೂ ಮುಕ್ಕಾಲಿಗೆ ಅಗುಳಿ ಬಿತ್ತು. ಎಂಟು ಐವತ್ತರ ಹೊತ್ತಿಗೆ ಗೇಟಿನಾಚೆ ಹನ್ನೊಂದು ಮಂದಿ ಪೋಷಕರು, ನಿದ್ದೆಗಣ್ಣಿನ ಹನ್ನೊಂದು ಮಕ್ಕಳೊಂದಿಗೆ, ಯಾವ ಗಡಿಬಿಡಿಯೂ ಇಲ್ಲದೆ ನಿಂತಿದ್ದರು.

ಮೊದಲನೆಯವನು ಇಸ್ತ್ರಿ ಅಂಗಿಯ ವಕೀಲ. ಅವಳು ಚೀಟಿ ಎತ್ತಿ ಹಿಡಿಯಲಿಲ್ಲ. ಮೆಲ್ಲನೆ ಮುಂದೆ ಚಾಚಿದಳು.

“ಇದು ನಿಮ್ಮ ಸಹಿನಾ ಸರ್?”

“ಖಂಡಿತ ಅಲ್ಲ,” ಎಂದ ಅವನು, ನೋಡದೆಯೇ.

“ಹಾಗಂತ ಇಲ್ಲಿ ಬರೆದುಕೊಡಿ.”

ವಕೀಲ ಜೇಬಿನಿಂದ ಪೆನ್ನು ತೆಗೆದು, ಸೊಗಸಾದ ಅಕ್ಷರಗಳಲ್ಲಿ ‘ಸದರಿ ಸ್ವೀಕೃತಿ ಚೀಟಿಯಲ್ಲಿರುವ ಸಹಿ ನನ್ನದಲ್ಲ’ ಎಂದು ಬರೆದ. ಕೆಳಗೆ ಸಹಿ ಹಾಕಿದ. ದೊಡ್ಡ ಸುರುಳಿ, ಅದರ ಬಾಲಕ್ಕೆ ಎರಡು ಚುಕ್ಕೆ, ಅಡಿಯಲ್ಲಿ ಎಡದಿಂದ ಬಲಕ್ಕೆ ಏರುವ ಒಂದು ಗೆರೆ. ಅವಳು ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಸುರುಳಿಗೆ ಸುರುಳಿ, ಚುಕ್ಕೆಗೆ ಚುಕ್ಕೆ, ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಅವನೂ ನೋಡಿದ. ಒಳಗೆ ಯಾವುದೋ ಕೊಠಡಿಯಲ್ಲಿ ಕ್ರಮಸಂಖ್ಯೆ ಕೂಗುತ್ತಿದ್ದರು. ವಕೀಲನ ಮಗಳು ಉಗುರು ಕಚ್ಚುತ್ತ ಗಡಿಯಾರದ ಕಡೆ ನೋಡುತ್ತಿದ್ದಳು.

“ಓಡು ಮಗು, ಓಡು,” ಎಂದಳು ಗುಮಾಸ್ತೆ. ಹುಡುಗಿ ಓಡಿದಳು.

“ಇದರದೊಂದು ಜೆರಾಕ್ಸ್ ನಂಗೂ ಕೊಡಿ,” ಎಂದ ವಕೀಲ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತ. “ನಾಳೆ ಮತ್ತೆ ಬರೆಯೋದು ತಪ್ಪುತ್ತೆ.”